ಬ್ಯಾನರ್ ಹಿಂದೆ ಅಡಗಿದ ಎಸ್: ಕಾಣದ ಹೊಟ್ಟೆಯನ್ನು ಕಂಡ ಹೊಟ್ಟೆಯಿಂದ ಕಟ್ಟುವುದು

ಇಂಗ್ಲಿಷ್ ಎಸ್ ಅಕ್ಷರ ದೊಡ್ಡದಾಗಿ ಅಚ್ಚಾಗಿರುವ ಒಂದು ಕಾಗದವನ್ನು ತಲೆಕೆಳಗು ಮಾಡಿ ನೋಡಿ. ನೆಟ್ಟಗಿದ್ದಾಗ ಮೇಲೂ ಕೆಳಗೂ ಸಮ ಅನ್ನಿಸುತ್ತಿದ್ದ ಅಕ್ಷರ ಈಗ ತಲೆಭಾರವಾಗಿ ಕಾಣುತ್ತದೆ. ಮೇಲಿನ ಹೊಟ್ಟೆಯನ್ನು ಕೆಳಗಿನದಕ್ಕಿಂತ ಸ್ವಲ್ಪ ಚಿಕ್ಕದಾಗಿ ಬರೆದಿರುವುದೇ ಇದಕ್ಕೆ ಕಾರಣ. ಎರಡನ್ನೂ ಅಳತೆಯಲ್ಲಿ ಸಮ ಮಾಡಿದರೆ ಮೇಲಿನದೇ ದೊಡ್ಡದಾಗಿ ಕಾಣುತ್ತದೆ. ಅಕ್ಷರ ಬರೆಯುವವರು ಕಣ್ಣಿನ ಈ ಗುಣವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅರ್ಧ ಮುಚ್ಚಿದ ಎಸ್ ಅನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಹುಟ್ಟುವುದು ಇದನ್ನು ಮರೆತಾಗ.

ಬೋರ್ಡ್ ಅಂಗಡಿಗಳಿಗೆ ಇಂಥ ಕೆಲಸ ಈಗ ಆಗಾಗ ಬರುತ್ತದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ ಹಳೆಯ ಬೋರ್ಡ್ ಇಳಿಸಿ ಹೊಸದು ಮಾಡಿಸುವವರು ಹೆಚ್ಚಿದ್ದಾರೆ. ಕನ್ನಡದ ಹೆಸರನ್ನು ಹೊಸದಾಗಿ ಬರೆಯಬಹುದು. ಪಕ್ಕದಲ್ಲಿ ಚಿಕ್ಕದಾಗಿ ಬರಬೇಕಾದ ಇಂಗ್ಲಿಷ್ ಲೋಗೊ ಮಾತ್ರ ಹಳೆಯದೇ ಆಗಬೇಕು, ಮೂಲ ಫೈಲ್ ಯಾರ ಬಳಿಯೂ ಇರುವುದಿಲ್ಲ. ಕೈಗೆ ಸಿಗುವುದು ಹಳೆಯ ಬೋರ್ಡಿನ ಒಂದು ಫೋಟೊ, ಅದರಲ್ಲೂ ಕೊನೆಯ ಅಕ್ಷರದ ಬಲಮೂಲೆಯ ಮೇಲೆ ಯಾವುದೋ ಆಫರ್ ಬ್ಯಾನರ್. ಅಂಥದ್ದೇ ಒಂದು ಎಸ್ ಅನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಟ್ಟೋಣ: ಮೇಲಿನ ಹೊಟ್ಟೆ ಪೂರ್ತಿ ಕಾಣುತ್ತದೆ, ನಡುವಿನ ಓರೆ ಬೆನ್ನು ಕಾಣುತ್ತದೆ, ಕೆಳಗಿನ ಎಡತುದಿಯೂ ತಳದ ಅರ್ಧವೂ ಕಾಣುತ್ತವೆ. ಕೆಳಗಿನ ಹೊಟ್ಟೆಯ ಬಲಭಾಗ ಮಾತ್ರ ಇಲ್ಲ.

ಗೆರೆ ಎಳೆಯುವ ಮೊದಲು ಒಂದು ಗಂಟೆ ಹುಡುಕಾಟಕ್ಕೆ ಕೊಡಬೇಕು. ಹಳೆಯ ಬಿಲ್ ಪುಸ್ತಕ, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್, ಪಿಡಿಎಫ್ ಕರಪತ್ರ ಎಲ್ಲವನ್ನೂ ಕೇಳಿ ತರಿಸಿಕೊಳ್ಳಿ. ಪಿಡಿಎಫ್ ಸಿಕ್ಕರೆ ಇಂಕ್‌ಸ್ಕೇಪ್‌ನಲ್ಲಿ ತೆರೆದು ನೋಡಿ. ಲೋಗೊ ಒಳಗೆ ಚಿತ್ರವಾಗಿರದೆ ವೆಕ್ಟರ್ ಆಗಿಯೇ ಉಳಿದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಅಕ್ಷರ ಯಾವುದೋ ಫಾಂಟಿನದು ಅನ್ನಿಸಿದರೆ ಆ ಫಾಂಟಿನಲ್ಲಿ ಇಡೀ ಪದ ಟೈಪ್ ಮಾಡಿ ಫೋಟೊ ಮೇಲೆ ಹೊಂದಿಸಿ ನೋಡಿ. ಎಲ್ಲ ಅಕ್ಷರ ಕೂತು ಒಂದೆರಡು ಕೂರದಿದ್ದರೆ ಆ ಒಂದೆರಡನ್ನು ಲೋಗೊಗಾಗಿ ತಿದ್ದಿದ್ದಾರೆ ಎಂದರ್ಥ. ಮುಚ್ಚಿದ ಅಕ್ಷರವನ್ನೂ ತಿದ್ದಿರಬಹುದಾದ್ದರಿಂದ ಫಾಂಟಿನ ಎಸ್ ತಂದು ಕೂರಿಸಿ ಸುಮ್ಮನಾಗುವಂತಿಲ್ಲ.

ಏನೂ ಸಿಗದಿದ್ದರೆ ಫೋಟೊ. ರಸ್ತೆಯಿಂದ ಮೇಲಕ್ಕೆ ನೋಡಿ ತೆಗೆದ ಚಿತ್ರದಲ್ಲಿ ಬೋರ್ಡಿನ ಮೇಲಂಚು ಕೆಳಗಿನದಕ್ಕಿಂತ ಕಿರಿದಾಗಿರುತ್ತದೆ, ಅಕ್ಷರಗಳೂ ಹಾಗೆಯೇ. ಅಂದರೆ ಎಸ್‌ನ ಮೇಲಿನ ಹೊಟ್ಟೆ ನಿಜಕ್ಕಿಂತ ಇನ್ನೂ ಚಿಕ್ಕದಾಗಿ ಕಾಣುತ್ತದೆ. ನಾವು ಅಳೆಯಬೇಕಾದ ವ್ಯತ್ಯಾಸಕ್ಕೇ ಕ್ಯಾಮೆರಾ ತನ್ನದೊಂದು ಪಾಲು ಸೇರಿಸಿರುತ್ತದೆ. ಜಿಂಪ್‌ನ ಪರ್ಸ್‌ಪೆಕ್ಟಿವ್ ಟೂಲ್‌ನಲ್ಲಿ `Corrective (Backward)` ಆರಿಸಿ, ನಾಲ್ಕು ಮೂಲೆಗಳನ್ನು ಬೋರ್ಡಿನ ನಾಲ್ಕು ಮೂಲೆಗೆ ಇಟ್ಟು ನೆಟ್ಟಗೆ ಮಾಡಿ. ನೆಟ್ಟಗಾದ ಚಿತ್ರದ ಅಗಲ ಎತ್ತರದ ಅನುಪಾತ ಸರಿ ಇರುತ್ತದೆ ಎಂಬ ಖಾತ್ರಿ ಇಲ್ಲ, ಅದಕ್ಕೆ ಬೋರ್ಡಿನ ನಿಜ ಅಳತೆ ಬೇಕು. 8 ಅಡಿಗೆ 3 ಅಡಿ ಬೋರ್ಡಾದರೆ ಚಿತ್ರವನ್ನೂ 8:3ಕ್ಕೆ ಎಳೆದು ಕೂರಿಸಿ. ಅಕ್ಷರಗಳು ವಿನೈಲ್ ಅಂಟಿಸಿದವಾದರೆ ಇಷ್ಟು ಸಾಕು. ಎದ್ದು ನಿಲ್ಲುವ ಅಕ್ರಿಲಿಕ್ ಅಕ್ಷರಗಳಾದರೆ ಅವುಗಳ ಮುಖ ಬೋರ್ಡಿನ ಮಟ್ಟದಲ್ಲಿ ಇರುವುದಿಲ್ಲ, ಬದಿಯ ದಪ್ಪವೂ ಫೋಟೊದಲ್ಲಿ ಸೇರಿಕೊಂಡಿರುತ್ತದೆ. ಆಗ ಮುಂಭಾಗದ ಅಂಚನ್ನಷ್ಟೇ ಹಿಡಿದು ಅಳೆಯಬೇಕು.

ಈಗ ಅಳತೆ. ಅಕ್ಷರದ ಎತ್ತರವನ್ನು 1000 ಘಟಕ ಮಾಡಿಕೊಂಡರೆ ಲೆಕ್ಕ ಸುಲಭ. ಹೊಸ ಬೋರ್ಡಿನಲ್ಲಿ ಅಕ್ಷರ 450 ಮಿಲಿಮೀಟರ್ ಎತ್ತರವಾದರೆ ಒಂದು ಘಟಕಕ್ಕೆ 0.45 ಮಿ.ಮೀ. ಪಕ್ಕದ ಇ, ಟಿಗಳಂಥ ಚಪ್ಪಟೆ ತಲೆಯ ಅಕ್ಷರಗಳು 0ಯಿಂದ 1000ದವರೆಗೆ ನಿಲ್ಲುತ್ತವೆ. ಎಸ್ ಮಾತ್ರ ಕೆಳಗೆ −12ಕ್ಕೆ ಇಳಿದು ಮೇಲೆ 1012ಕ್ಕೆ ಏರಿದೆ. ಇದನ್ನು ಫೋಟೊದ ತಪ್ಪು ಎಂದು ನೇರ ಮಾಡಿಬಿಡುವವರಿದ್ದಾರೆ. ದುಂಡು ಅಕ್ಷರಗಳನ್ನು ಬೇಕೆಂದೇ ಗೆರೆ ದಾಟಿಸಿರುತ್ತಾರೆ, ಇಲ್ಲದಿದ್ದರೆ ಪಕ್ಕದವುಗಳಿಗಿಂತ ಗಿಡ್ಡವಾಗಿ ಕಾಣುತ್ತವೆ. ಇರುವುದನ್ನು ಇದ್ದ ಹಾಗೇ ಇಡಿ.

ಮುಖ್ಯವಾದ ಬಿಂದು ಒಂದೇ: ಬೆನ್ನಿನ ನಡು. ಎಸ್‌ಗೆ ಕನ್ನಡಿ ಸಮಮಿತಿ ಇಲ್ಲ, ಎಡಬಲ ಮಗುಚಿದರೂ ಮೇಲೆ ಕೆಳಗೆ ಮಗುಚಿದರೂ ಬಾಗು ಎದುರು ದಿಕ್ಕಿಗೆ ಹೋಗುತ್ತದೆ. ಅದಕ್ಕಿರುವುದು ಒಂದು ಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸುವ ಸಮಮಿತಿ, ಅದೂ ಅಂದಾಜಿನದು. ಆ ಬಿಂದು ಹುಡುಕಲು ಬೆನ್ನಿನ ಮೇಲಂಚಿನ ಉದ್ದಕ್ಕೆ ಒಂದು ನೇರ ಗೆರೆ ಇಡಿ. ಅಂಚು ಒಂದು ಕಡೆ ಗೆರೆಯ ಮೇಲೂ ಇನ್ನೊಂದು ಕಡೆ ಕೆಳಗೂ ಬಾಗಿ ಹೋಗುವ ಜಾಗವೇ ಬಾಗು ದಿಕ್ಕು ಬದಲಿಸುವ ಜಾಗ. ಕೆಳಂಚಿಗೂ ಹೀಗೇ ಮಾಡಿ. ಎರಡರ ನಡುವಿನ ಬಿಂದು ಈ ಅಕ್ಷರದಲ್ಲಿ x = 310, y = 518 ಬಂತು. ಸರಿಯಾದ ಅರ್ಧ 500; ನಡು ಅದಕ್ಕಿಂತ ಮೇಲಿದೆ, ಕೆಳಗಿನ ಹೊಟ್ಟೆ ದೊಡ್ಡದೆಂಬುದಕ್ಕೆ ಇದೇ ಮೊದಲ ಸಾಕ್ಷಿ.

ಮೇಲಿನ ಭಾಗದ ಎತ್ತರ 1012 − 518 = 494. ಕೆಳಗಿನದು 518 + 12 = 530. ಭಾಗಿಸಿದರೆ 1.073. ಅಂದರೆ ಮೇಲಿನ ಹೊಟ್ಟೆಯನ್ನು ನಡುಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿ, ಅದೇ ಬಿಂದುವಿನಿಂದ ಶೇ. 107.3ಕ್ಕೆ ಹಿಗ್ಗಿಸಬೇಕು. ಲೆಕ್ಕ ಇಷ್ಟೇ:

```
x2 = 310 + 1.073 * (310 - x1)
y2 = 518 + 1.073 * (518 - y1)
```

ಈ 1.073 ಎತ್ತರದಿಂದ ಬಂದದ್ದು. ಅಗಲಕ್ಕೂ ಅದೇ ಹೊಂದುತ್ತದೆಯೇ ಎಂದು ಕಾಣುವ ಭಾಗದಿಂದಲೇ ನೋಡಬಹುದು, ಎರಡು ತುದಿಗಳೂ ಕಾಣುತ್ತಿವೆಯಲ್ಲ. ಮೇಲಿನ ಬಲತುದಿ x = 558ರಲ್ಲಿದೆ, ನಡುವಿನಿಂದ 248 ದೂರ. 1.073ರಿಂದ ಗುಣಿಸಿದರೆ 266, ಹಾಗಾಗಿ ಕೆಳಗಿನ ಎಡತುದಿ 310 − 266 = 44ರಲ್ಲಿ ಬರಬೇಕು. ಫೋಟೊದಲ್ಲೂ 44ರಲ್ಲೇ ಇದೆ. ಇದು ಹೊಂದದಿದ್ದರೆ ಎರಡು ಕಾರಣ ಇರಬಹುದು. ಅಗಲಕ್ಕೆ ಬೇರೆ ಅನುಪಾತ ಬಳಸಿರಬಹುದು, ಇಲ್ಲವೇ ನಾವು ಹಿಡಿದ ನಡುಬಿಂದು ತಪ್ಪಿರಬಹುದು. ಎರಡನೆಯದನ್ನೇ ಮೊದಲು ಅನುಮಾನಿಸಿ, ಏಕೆಂದರೆ ನಡುವಿನ ತಪ್ಪು ಹೊಸ ಹೊಟ್ಟೆಯಲ್ಲಿ ಎರಡು ಪಟ್ಟಿಗೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. 310ರ ಬದಲು 320 ಹಿಡಿದಿದ್ದರೆ ಅದೇ ತುದಿ 65ಕ್ಕೆ ಬಂದು ಬೀಳುತ್ತಿತ್ತು. 10 ಘಟಕದ ತಪ್ಪಿಗೆ 21 ಘಟಕ, ಬೋರ್ಡಿನ ಮೇಲೆ ಹೆಚ್ಚೂ ಕಡಿಮೆ 9 ಮಿ.ಮೀ. ತುದಿಯನ್ನು ತುದಿಗೆ ಹೊಂದಿಸಿ ನೋಡದೆ ಹೊಟ್ಟೆ ಕಟ್ಟಲು ಹೋಗಬಾರದು.

ಹೊಂದಿತೆಂದ ಮೇಲೆ ಕಾಣದ ಭಾಗಕ್ಕೆ ಬರಬಹುದು. ಮೇಲಿನ ಹೊಟ್ಟೆಯ ಹೊರಗೆರೆ ಎಡಕ್ಕೆ ಅತಿ ಹೆಚ್ಚು ಚಾಚಿರುವುದು x = 60, y = 745ರಲ್ಲಿ. ಸೂತ್ರಕ್ಕೆ ಹಾಕಿದರೆ ಕೆಳಗಿನ ಹೊಟ್ಟೆ ಬಲಕ್ಕೆ ಅತಿ ಹೆಚ್ಚು ಚಾಚುವುದು x = 578, y = 274ರಲ್ಲಿ. ಬ್ಯಾನರ್ ಹಿಂದೆ ಅಡಗಿದ್ದ ಬಿಂದು ಇದು.

ಇಲ್ಲಿಗೆ ನಿಲ್ಲಿಸಿದರೆ ಅಕ್ಷರ ಒಂದು ಕಡೆ ಊದಿಕೊಂಡಂತೆ ಕಾಣುತ್ತದೆ. ಹಿಗ್ಗಿಸಿದಾಗ ಆಕಾರದ ಜೊತೆ ಗೆರೆಯ ದಪ್ಪವೂ ಹಿಗ್ಗಿತು: ಮೇಲಿನ ಹೊಟ್ಟೆಯ ಎಡಬದಿಯಲ್ಲಿ 140 ಇದ್ದ ದಪ್ಪ ಹೊಸ ಬಲಬದಿಯಲ್ಲಿ 150 ಆಗಿದೆ. ಅಕ್ಷರ ಬರೆದವರು ಅಷ್ಟು ದಪ್ಪ ಮಾಡಿದ್ದರೇ? ಅದಕ್ಕೂ ಉತ್ತರ ಕಾಣುವ ಭಾಗದಲ್ಲಿದೆ. ನೆತ್ತಿಯಲ್ಲಿ ದಪ್ಪ 128, ತಳದಲ್ಲಿ 131. ಅಂದರೆ ಹೊಟ್ಟೆ ಶೇ. 7ರಷ್ಟು ದೊಡ್ಡದಾದರೂ ದಪ್ಪ ಏರಿದ್ದು ಶೇ. 2ರಷ್ಟು ಮಾತ್ರ. ಅದೇ ಲೆಕ್ಕದಲ್ಲಿ ಬಲಬದಿಯ ದಪ್ಪ 140 × 131 ÷ 128, ಅಂದರೆ 143 ಆಗಬೇಕು. ಹೊರಗೆರೆಯನ್ನು 578ರಲ್ಲೇ ಬಿಟ್ಟು ಒಳಗೆರೆಯನ್ನು 428ರಿಂದ 435ಕ್ಕೆ ತಳ್ಳಿ. 7 ಘಟಕವೆಂದರೆ ಸುಮಾರು 3 ಮಿ.ಮೀ.; ಹಿಂದಿನಿಂದ ಎಲ್‌ಇಡಿ ಹಾಕುವ ಅಕ್ಷರದಲ್ಲಿ ಇದು ರಸ್ತೆಯ ಆಚೆ ಬದಿಯಿಂದಲೂ ಗೊತ್ತಾಗುತ್ತದೆ. ಅಡ್ಡ ಗೆರೆಗಿಂತ ನಿಂತ ಗೆರೆ ದಪ್ಪವಿರುವುದನ್ನೂ ಇಲ್ಲಿ ಗಮನಿಸಿ. ಒಂದೇ ದಪ್ಪದ್ದೆಂದು ಕಾಣುವ ಅಕ್ಷರದಲ್ಲೂ ಹೀಗಿರುವುದೇ ಸಾಮಾನ್ಯ, ಆದ್ದರಿಂದ ನಡುಗೆರೆ ಎಳೆದು ಸುತ್ತ ಒಂದೇ ದಪ್ಪ ಕೊಡುವ ದಾರಿ ಎಸ್‌ಗೆ ಒಗ್ಗುವುದಿಲ್ಲ.

ಬಾಗಿನ ನಯ ನೋಡ್‌ಗಳ ಜಾಗದಲ್ಲಿದೆ. ಆಟೊ ಟ್ರೇಸ್ ಮಾಡಿದರೆ ಫೋಟೊದ ಕೊಳೆ, ನೆರಳು ಎಲ್ಲಕ್ಕೂ ನೋಡ್ ಬಿದ್ದು ಅಂಚು ನಡುಗುತ್ತದೆ. ಕೈಯಿಂದಲೇ ಎಳೆದು, ಬಾಗು ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಚಾಚುವ ಕಡೆ ಒಂದೊಂದು ನೋಡ್ ಇಟ್ಟು, ಹ್ಯಾಂಡಲ್‌ಗಳನ್ನು ಪೂರ್ತಿ ಅಡ್ಡವಾಗಿಯೋ ಪೂರ್ತಿ ನೆಟ್ಟಗೆಯೋ ನಿಲ್ಲಿಸಿ. ಕಾಲು ವೃತ್ತಕ್ಕೆ ಹ್ಯಾಂಡಲ್ ಉದ್ದ ತ್ರಿಜ್ಯದ 0.5523 ಪಟ್ಟು. ಲೋಗೊಗಳ ಹೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಚೌಕ, ಆಗ ಈ ಸಂಖ್ಯೆ 0.6ರ ಹತ್ತಿರ ಹೋಗುತ್ತದೆ. ಕಾಣುವ ಹೊಟ್ಟೆಯಲ್ಲಿ ಎಷ್ಟು ಬಂತೋ ಕಾಣದ ಹೊಟ್ಟೆಗೂ ಅಷ್ಟೇ ಕೊಡಿ.

ಹಳೆಯದೂ ಹೊಸದೂ ಸೇರುವುದು ತಳದ ನೋಡ್‌ನಲ್ಲಿ. ಎರಡೂ ಹ್ಯಾಂಡಲ್ ಒಂದೇ ಗೆರೆಯಲ್ಲಿದ್ದರೆ ಮೂಲೆ ಕಾಣುವುದಿಲ್ಲ ನಿಜ, ಆದರೆ ಒಂದು ಪಕ್ಕದ ಬಾಗು ಬಿಗಿಯಾಗಿ ಇನ್ನೊಂದು ಸಡಿಲವಾಗಿದ್ದರೆ ಅಲ್ಲೊಂದು ಚಪ್ಪಟೆ ಉಳಿಯುತ್ತದೆ. ಪರದೆಯ ಮೇಲೆ ಇದು ಸುಲಭಕ್ಕೆ ಸಿಗದು. ಅಕ್ಷರಕ್ಕೆ ಕಪ್ಪು ತುಂಬಿ, ಎಡಬಲ ಮಗುಚಿ, ಎರಡು ಸೆಂಟಿಮೀಟರ್‌ಗೆ ಕುಗ್ಗಿಸಿ ನೋಡಿ. ಕಣ್ಣಿಗೆ ಪರಿಚಯ ತಪ್ಪಿದಾಗ ತಪ್ಪು ಎದ್ದು ಬರುತ್ತದೆ. ಆಮೇಲೆ ಫೋಟೊ ಮೇಲೆ ಅರ್ಧ ಪಾರದರ್ಶಕವಾಗಿ ಇಟ್ಟು, ಬ್ಯಾನರಿನ ಅಂಚಿನಲ್ಲಿ ಕಾಣುವ ಬಾಗು ನಮ್ಮ ಬಾಗಿನೊಳಗೆ ತಡೆಯಿಲ್ಲದೆ ಹರಿದು ಹೋಗುತ್ತದೆಯೇ ಎಂದು ನೋಡಿ.

ಕನ್ನಡ ಅಕ್ಷರಗಳಲ್ಲಿ ಇಂಥದೇ ತೊಂದರೆ ಬಂದರೆ ಪದದೊಳಗೇ ನೆರವು ಸಿಗುವುದುಂಟು. ರ ಮುಚ್ಚಿದ್ದು ಠ ಕಾಣುತ್ತಿದ್ದರೆ ಚುಕ್ಕೆ ತೆಗೆದರೆ ಸಾಕಾಗಬಹುದು. ಸೊನ್ನೆಯ ಒಂದು ತುಂಡು ಕಾಣುತ್ತಿದ್ದರೆ, ಅದು ವೃತ್ತವೇ ಆಗಿದ್ದಲ್ಲಿ, ತುಂಡಿನ ಎರಡು ತುದಿಗಳ ನಡುವಿನ ದೂರ c ಮತ್ತು ನಡುವಿನ ಉಬ್ಬು h ಅಳೆದು ತ್ರಿಜ್ಯ ತೆಗೆಯಬಹುದು:

```
R = c*c/(8*h) + h/2
```

c 120, h 20 ಆದರೆ ತ್ರಿಜ್ಯ 100. h ಅಳೆಯುವಾಗ 0.2 ತಪ್ಪಿದರೂ ಉತ್ತರ 99.2 ಬರುತ್ತದೆ, ನಡೆಯುತ್ತದೆ. ಅದೇ ವೃತ್ತದ 40 ಉದ್ದದ ತುಂಡು ಮಾತ್ರ ಕಂಡರೆ ಉಬ್ಬು ಬರೀ 2. ಅಲ್ಲಿ ಅಷ್ಟೇ 0.2 ತಪ್ಪಿದರೆ ತ್ರಿಜ್ಯ 92ಕ್ಕೆ ಇಳಿಯುತ್ತದೆ. ತುಂಡು ಚಿಕ್ಕದಾದಷ್ಟೂ ಸೂತ್ರದ ಮೇಲಿನ ನಂಬಿಕೆಯೂ ಚಿಕ್ಕದಾಗಬೇಕು.

ಎಸ್‌ಗೂ ಮಿತಿ ಇದೆ. ಬೆನ್ನಿನ ನಡು ಮುಚ್ಚಿದ್ದರೆ ತಿರುಗಿಸಲು ಆಧಾರಬಿಂದು ಇಲ್ಲ. ತುದಿಗಳ ಪೈಕಿ ಒಂದು ಮುಚ್ಚಿದ್ದರೆ ಅಗಲದ ಪರೀಕ್ಷೆ ಇಲ್ಲ. ಆಗ ಬೇರೆ ಕೋನದ ಇಲ್ಲವೇ ಬ್ಯಾನರ್ ಕಟ್ಟುವ ಮುಂಚಿನ ಇನ್ನೊಂದು ಫೋಟೊ ಬೇಕೇ ಬೇಕು; ಅಂಗಡಿಯ ಉದ್ಘಾಟನೆಯ ದಿನದ ಚಿತ್ರಗಳಲ್ಲಿ ಬೋರ್ಡ್ ಸಾಮಾನ್ಯವಾಗಿ ಬರಿದಾಗಿರುತ್ತದೆ. ಲೋಗೊ ಮಾಲೀಕರಿಗೆ ಒಪ್ಪಿಗೆಗೆ ಕಳಿಸುವಾಗ ಕಟ್ಟಿದ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸಿ, ಎಲ್ಲಿಂದ ಎಲ್ಲಿಯವರೆಗೆ ನಮ್ಮ ಲೆಕ್ಕ ಎಂಬುದು ಅವರಿಗೆ ಗೊತ್ತಾಗಲಿ. ಫೈಲಿನಲ್ಲೂ ಆ ತುಂಡು ಪ್ರತ್ಯೇಕ ಲೇಯರ್‌ನಲ್ಲಿ ಇರಲಿ. ನಾಳೆ ಹಳೆಯ ಬಿಲ್ ಪುಸ್ತಕವೊಂದು ಸಿಕ್ಕಿ, ಬಲಕ್ಕೆ ಚಾಚುವ ಬಿಂದು 578 ಅಲ್ಲ 572 ಎಂದು ತಿಳಿದರೆ ಅಷ್ಟನ್ನೇ ತಿದ್ದಿದರಾಯಿತು.