ಅಡಿಕೆ ಸುಲಿಯುವ ಮಷಿನ್ನಿನ ಜಾಹೀರಾತನ್ನು ಎರಡನೇ ಸಲ ಬರೆದಾಗ

ದಾವಣಗೆರೆಯ ಜಾಹೀರಾತು ಏಜೆನ್ಸಿಯೊಂದರಲ್ಲಿ ಕಾಪಿ, ಅಂದರೆ ಜಾಹೀರಾತಿನ ಬರಹ, ಬರೆಯುವುದು ನನ್ನ ಕೆಲಸ. ಅಡಿಕೆ ಸುಲಿಯುವ ಮಷಿನ್ ಮಾರುವ ಅಂಗಡಿಯೊಂದಕ್ಕೆ ಪತ್ರಿಕೆಯಲ್ಲಿ ಕಾಲು ಪುಟದ ಜಾಹೀರಾತು ಮಾಡಿಕೊಟ್ಟಿದ್ದೆ. ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು, ನಡುವೆ ಐದು ಮಷಿನ್‌ಗಳ ಫೋಟೊ, ಪಕ್ಕದಲ್ಲಿ ಗಂಟೆಗೆ ಎಷ್ಟು ಕೆಜಿ ಸುಲಿಯುತ್ತದೆ ಎಂಬ ಲೆಕ್ಕ. 14 ಫೋನ್ ಬಂದವು, ಒಂದು ಮಷಿನ್ನೂ ಹೋಗಲಿಲ್ಲ.

ತಪ್ಪು ಎಲ್ಲಾಗಿದೆ ಎಂದು ತಿಳಿಯಲು ಎರಡು ದಿನ ಅಂಗಡಿಯಲ್ಲೇ ಕೂತೆ. ಫೋನ್ ಮಾಡಿದವರಲ್ಲಿ ಹೆಚ್ಚಿನವರು ಅರ್ಧ ಎಕರೆ, ಒಂದು ಎಕರೆಯವರು. ಅವರು ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟುಬಿಡುತ್ತಾರೆ, ಅವರಿಗೆ ಮಷಿನ್ ಯಾಕೆ? ಚೇಣಿದಾರರಿಗೆ ಬೇಕು, ಆದರೆ ಅವರು ಪೇಪರ್ ನೋಡಿ ಕೊಳ್ಳುವುದಿಲ್ಲ, ಒಬ್ಬರಿಂದೊಬ್ಬರು ಕೇಳಿ ಕೊಳ್ಳುತ್ತಾರೆ. ಉಳಿದವರು ನಾಲ್ಕರಿಂದ ಹತ್ತು ಎಕರೆ ಇಟ್ಟುಕೊಂಡು ಮನೆಯಲ್ಲೇ ಸುಲಿಸಿ ಬೇಯಿಸುವ ಚನ್ನಗಿರಿ ಕಡೆಯ ಬೆಳೆಗಾರರು. ಜಾಹೀರಾತು ಇವರಿಗಷ್ಟೇ ಎಂದು ತೀರ್ಮಾನಿಸಿದೆವು.

ಇವರ ಮನಸ್ಸಿನಲ್ಲಿ ನಮಗೆ ಯಾವ ಜಾಗ? ಪೊಸಿಷನಿಂಗ್ ಎಂದರೆ ಇದೇ ಪ್ರಶ್ನೆ. ವೇಗದ ಮಾತನ್ನು ಎಲ್ಲ ಅಂಗಡಿಯವರೂ ಆಡುತ್ತಾರೆ. ಆದರೆ ಬೆಳೆಗಾರರ ಬಾಯಲ್ಲಿ ಮತ್ತೆ ಮತ್ತೆ ಬಂದದ್ದು ಬೇರೆಯೇ ಭಯ: ಕೊಯ್ಲಿನ ನಡುವೆ ಮಷಿನ್ ಕೆಟ್ಟರೆ ಹಸಿ ಕಾಯಿ ರಾಶಿಯಲ್ಲೇ ಕೆಡುತ್ತದೆ. ಮಾಲೀಕರ ಬಳಿ ಇಬ್ಬರು ಮೆಕ್ಯಾನಿಕ್‌ಗಳಿದ್ದರು, ಹಾಗಾಗಿ "ಅದೇ ದಿನ ರಿಪೇರಿ" ಎನ್ನುವುದು ನಾವು ಉಳಿಸಿಕೊಳ್ಳಬಹುದಾದ ಮಾತಾಗಿತ್ತು.

ಆಮೇಲೆ ಗಮನ, ಆಸಕ್ತಿ, ಬಯಕೆ, ಕ್ರಿಯೆ ಎಂಬ ನಾಲ್ಕು ಮೆಟ್ಟಿಲನ್ನು ಪುಟದ ಮೇಲಿಂದ ಕೆಳಕ್ಕೆ ಇಳಿಸಿದೆ. ತಲೆಬರಹ: "ಕಾಯಿ ಅಂಗಳದಲ್ಲಿದೆ, ಮಷಿನ್ ನಿಂತಿದೆ. ಈಗ?" ಅಂಗಡಿಯ ಹೆಸರು ತಳಕ್ಕೆ ಹೋಯಿತು. "ಏನ್ರೀ, ದುಡ್ಡು ಕೊಟ್ಟೋನ ಹೆಸ್ರು ಕಾಲ್ಕೆಳಗೆ ಹಾಕ್ತೀರಲ್ಲ?" ಎಂದರು ಮಾಲೀಕರು. "ಸರ್, ತಲೆಬರಹ ಓದಿ ನಿಂತೋರು ತಾವೇ ಕೆಳಗಿಳೀತಾರೆ, ಹೆಸ್ರು ನೋಡಿ ಯಾರೂ ನಿಲ್ಲಲ್ಲ" ಎಂದೆ. ಆಸಕ್ತಿಗೆ ರಿಪೇರಿಯ ಮಾತು ಎರಡೇ ಸಾಲಿನಲ್ಲಿ. ಐದು ಫೋಟೊ ಹೋಗಿ ಒಂದೇ ಉಳಿಯಿತು: ಮಷಿನ್ನಿನಿಂದ ಬೀಳುತ್ತಿರುವ, ಪೆಟ್ಟಾಗದ ಇಡೀ ಅಡಿಕೆ. ಬಯಕೆ ಹುಟ್ಟಬೇಕಾದದ್ದು ಅಲ್ಲಿ, ಏಕೆಂದರೆ ಸುಲಿಯುವಾಗ ಕಾಯಿ ಒಡೆದರೆ ರೇಟು ಹೋಗುತ್ತದೆ.

ನಾನು ಹೆಚ್ಚು ಹೊತ್ತು ಕೂತದ್ದು ಕೊನೆಯ ಮೆಟ್ಟಿಲಿಗೆ. "ಇಂದೇ ಸಂಪರ್ಕಿಸಿ" ಎಂದರೆ ಬೆಲೆ ಕೇಳುವವರೇ ಬರುತ್ತಾರೆ. ಅದರ ಬದಲು ಕತ್ತರಿಸುವ ಗೆರೆ ಹಾಕಿ ಹೀಗೆ ಬರೆದೆ: "ಈ ಚೀಟಿಯ ಜೊತೆ ನಿಮ್ಮ ತೋಟದ ಒಂದು ಚೀಲ ಕಾಯಿ ತನ್ನಿ, ನಿಮ್ಮೆದುರೇ ಸುಲಿದು ಕೊಡುತ್ತೇವೆ." ಚೀಲ ಹೊತ್ತು ಬರುವವರಿಗೆ ತೋಟವಿರುತ್ತದೆ, ಕೊಳ್ಳುವ ಯೋಚನೆಯೂ ಇರುತ್ತದೆ. ಎಷ್ಟು ಜನ ಪೇಪರ್ ನೋಡಿ ಬಂದರೆಂದು ಚೀಟಿ ಎಣಿಸಿದರೆ ಸಾಕು. ಫೋನ್ ನಂಬರನ್ನು ಬಿಳಿ ಹಾಳೆಯ ಮೇಲೆ ಕಪ್ಪಕ್ಷರದಲ್ಲೇ ಹಾಕಿಸಿದೆ. ಹಿಂದಿನ ಸಲ ಕೆಂಪು ಪಟ್ಟಿಯ ಮೇಲೆ ಬಿಳಿಯಲ್ಲಿ ಹಾಕಿ, ಇಂಕು ಹರಡಿ 8 ಯಾವುದು 6 ಯಾವುದು ಗೊತ್ತಾಗದ ಹಾಗಾಗಿತ್ತು.

ಅಷ್ಟೇ ಜಾಗ, ಅಷ್ಟೇ ದುಡ್ಡು. ಫೋನ್ ಕಡಿಮೆಯಾದವು, 11 ಚೀಟಿ ಬಂದವು, 4 ಮಷಿನ್ ಹೋದವು. ಹನ್ನೊಂದರಲ್ಲಿ ಒಬ್ಬರು ಹೊಸದುರ್ಗದವರು. ಅಷ್ಟು ದೂರಕ್ಕೆ ಅದೇ ದಿನ ಮೆಕ್ಯಾನಿಕ್ ಕಳಿಸಲು ಆಗುವುದಿಲ್ಲವೆಂದು ಮಾಲೀಕರು ಮುಂಚೆಯೇ ಹೇಳಿದರು, ಅವರು ಚೀಲ ತೆಗೆದುಕೊಂಡು ವಾಪಸ್ ಹೋದರು. ಮುಂದಿನ ವಾರದ ಜಾಹೀರಾತಿನಲ್ಲಿ ತಲೆಬರಹದ ಕೆಳಗೇ "ಚನ್ನಗಿರಿ ತಾಲೂಕಿನ ಬೆಳೆಗಾರರಿಗೆ" ಎಂದು ಸೇರಿಸಿದೆ.