a*b* ಒಳಗೆ ba ನುಸುಳಿದ ಬಗೆ

“ಸ್ಟಾರ್ ಬಂದಾಗ ಹೊಸದಾಗಿ ಎರಡು ಸ್ಥಿತಿಗಳನ್ನು ಏಕೆ ಸೇರಿಸಬೇಕು? ಇರುವ ಆರಂಭ ಮತ್ತು ಅಂತ್ಯದ ನಡುವೆ ಎರಡು ಎಪ್ಸಿಲಾನ್ ಬಾಣ ಎಳೆದರೆ ಸಾಲದೇ?”

ರೆಗ್ಯುಲರ್ ಎಕ್ಸ್‌ಪ್ರೆಶನ್ ಒಂದನ್ನು ಸ್ಥಿತಿಗಳೂ ಬಾಣಗಳೂ ಇರುವ ಯಂತ್ರವಾಗಿ, ಅಂದರೆ NFA ಆಗಿ, ಬದಲಿಸುವಾಗ ಏಳುವ ಪ್ರಶ್ನೆ ಇದು. ಸ್ಟಾರ್ ಎಂದರೆ “ಸೊನ್ನೆ ಅಥವಾ ಎಷ್ಟು ಸಲವಾದರೂ”; ಎಪ್ಸಿಲಾನ್ ಬಾಣ ಎಂದರೆ ಯಾವ ಅಕ್ಷರವನ್ನೂ ಓದದೆ ದಾಟಬಹುದಾದ ಬಾಣ. ಬರೀ `a*` ಇದ್ದರೆ ಆ ಎರಡು ಬಾಣಗಳೇ ಸಾಕು. ಅದಕ್ಕೇ ಈ ಅನುಮಾನ ಗಟ್ಟಿಯಾಗಿ ಉಳಿದುಬಿಡುತ್ತದೆ. `a*b*` ಬರೆದು ನೋಡಿ. ಮೊದಲ ತುಂಡಿನ ಅಂತ್ಯವನ್ನೇ ಎರಡನೆಯದರ ಆರಂಭವಾಗಿಸಿ ಜೋಡಿಸಿದರೆ ಮೂರೇ ಸ್ಥಿತಿಗಳು ಸಿಗುತ್ತವೆ:

```
0 -a-> 1    0 -ε-> 1    1 -ε-> 0
1 -b-> 2    1 -ε-> 2    2 -ε-> 1
```

ಈಗ `ba` ಕೊಡಿ. 0ರಿಂದ ಏನನ್ನೂ ಓದದೆ 1ಕ್ಕೆ ಹೋಗಬಹುದು. `b` ಓದಿ 2. ಅಲ್ಲಿಂದ ಪುನಃ ಏನನ್ನೂ ಓದದೆ 1, 0. `a` ಓದಿ 1. ಕೊನೆಗೆ ಎಪ್ಸಿಲಾನ್ ಹಿಡಿದು 2. ಒಪ್ಪಿಗೆ ಸಿಕ್ಕಿಬಿಟ್ಟಿತು! `b` ಆದ ಮೇಲೆ `a` ಬರಲೇಬಾರದಿತ್ತು.

ಹಾಗಾದರೆ ಅಂತ್ಯ–ಆರಂಭಗಳನ್ನು ಒಂದಾಗಿಸದೆ, ನಡುವೆ ಒಂದು ಎಪ್ಸಿಲಾನ್ ಬಾಣ ಹಾಕಿದರೆ? `a*b*` ಸರಿಯಾಗುತ್ತದೆ. ಆದರೆ `(a*b)*` ಕೆಡುತ್ತದೆ. ಹೊರಗಿನ ಸ್ಟಾರ್ 0ರಿಂದ ನೇರವಾಗಿ ಅಂತ್ಯಕ್ಕೆ ಬಾಣ ಎಳೆಯುತ್ತದೆ. ಒಳಗಿನ ಸ್ಟಾರ್ ಅದೇ 0ಕ್ಕೆ ಮರಳುತ್ತಿರುತ್ತದೆ. ಹೀಗಾಗಿ `a` ಓದಿ 0ಕ್ಕೆ ಹಿಂತಿರುಗಿ, `b`ಯ ಗೊಡವೆಯೇ ಇಲ್ಲದೆ ಅಂತ್ಯಕ್ಕೆ ಜಿಗಿಯಬಹುದು. “ಏನೂ ಇಲ್ಲದಿದ್ದರೂ ಸರಿ” ಎಂದು ಇಟ್ಟ ಬಾಗಿಲು, ಅರ್ಧ ಕೆಲಸ ಮಾಡಿ ಬಂದವರಿಗೂ ತೆರೆದುಕೊಂಡಿತು.

ಹೊಸ ಸ್ಥಿತಿಗಳು ಈ ಬಾಗಿಲನ್ನೇ ಕಾಯುತ್ತವೆ. ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದ ವಿಧಾನವನ್ನು ಇಂದು ಕಲಿಸುವ ರೂಪದಲ್ಲಿ, ಪ್ರತಿ ತುಂಡಿಗೂ ಒಂದು ಕರಾರು ಇದೆ: ಆರಂಭಕ್ಕೆ ಯಾವ ಬಾಣವೂ ಒಳಬರಬಾರದು, ಅಂತ್ಯದಿಂದ ಯಾವುದೂ ಹೊರಡಬಾರದು. ಒಂದು ಅಕ್ಷರದ ತುಂಡಿನಲ್ಲಿ ಇದು ತಾನಾಗಿಯೇ ಇರುತ್ತದೆ. ಜೋಡಣೆ, ಆಯ್ಕೆ, ಸ್ಟಾರ್ ಮೂರೂ ಅದನ್ನು ಉಳಿಸಿಕೊಂಡೇ ಮುಂದಕ್ಕೆ ಕೊಡಬೇಕು. ಸ್ಟಾರ್ ಮಾತ್ರ ಸುತ್ತು ಹಾಕುವಂಥದ್ದು, ಆದ್ದರಿಂದ ಸುತ್ತನ್ನು ಒಳಗಿಟ್ಟು ಹೊರಗೆ ಎರಡು ಹೊಸ ತುದಿಗಳನ್ನು ಇಡುತ್ತದೆ. `a*b*` ಆಗ ಹೀಗಾಗುತ್ತದೆ:

```
0 -ε-> 1   1 -a-> 2   2 -ε-> 1   2 -ε-> 3   0 -ε-> 3
3 -ε-> 4   4 -b-> 5   5 -ε-> 4   5 -ε-> 6   3 -ε-> 6
```

`ba` ಅನ್ನು ಮತ್ತೆ ಓಡಿಸೋಣ. ಏನನ್ನೂ ಓದುವ ಮೊದಲೇ 0, 1, 3, 4, 6ರಲ್ಲಿ ಇರಬಹುದು. `b` ಓದಿದ ಮೇಲೆ ಉಳಿಯುವುದು 4, 5, 6. ಅವುಗಳಲ್ಲಿ ಒಂದರಿಂದಲೂ `a` ಬಾಣವಿಲ್ಲ. ಅಲ್ಲಿಗೆ ಆಟ ಮುಗಿಯಿತು. 3ರಿಂದ ಹಿಂದಕ್ಕೆ ದಾರಿಯೇ ಇಲ್ಲ ಎಂಬುದನ್ನು ಬೆರಳಿಟ್ಟು ನೋಡಿ. ನನಗೆ ಈ ಚಿತ್ರದಲ್ಲಿ ಅತ್ಯಂತ ಇಷ್ಟವಾಗುವ ಜಾಗ ಅದು.

ಸ್ಥಿತಿಗಳು ಹೆಚ್ಚಾದವು ಎಂಬ ಚಿಂತೆ ಬೇಡ. ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಹೆಚ್ಚೆಂದರೆ ಎರಡು ಸ್ಥಿತಿ ಸೇರುತ್ತವೆ, ಒಂದು ಸ್ಥಿತಿಯಿಂದ ಹೊರಡುವ ಬಾಣಗಳೂ ಎರಡನ್ನು ಮೀರುವುದಿಲ್ಲ.

ಪ್ರೋಗ್ರಾಂ ಬರೆಯುವವರು ಇನ್ನೊಂದನ್ನು ಗಮನಿಸಬೇಕು. `(a*)*` ಕೊಟ್ಟಾಗ ಎಪ್ಸಿಲಾನ್ ಬಾಣಗಳದ್ದೇ ಒಂದು ಸುತ್ತು ಹುಟ್ಟುತ್ತದೆ. ಭೇಟಿ ಕೊಟ್ಟ ಸ್ಥಿತಿಗೆ ಗುರುತು ಹಾಕದಿದ್ದರೆ, ಒಂದಕ್ಷರವನ್ನೂ ಓದದೆ ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೆಯುತ್ತದೆ.