ಅರವತ್ತೆಂಟು ಸಾಲು, ಒಂದು ಸ್ಲೈಡ್

ಶ್ರೀನಿವಾಸಪುರದ ಕಡೆ ಮಾವು ಬೆಳೆಯುವ ರೈತರ ಉತ್ಪಾದಕ ಕಂಪನಿಯೊಂದರಲ್ಲಿ ನನ್ನ ಕೆಲಸ. ಹಣ್ಣು ಗ್ರೇಡ್ ಮಾಡಿ ಇಡೋದಕ್ಕೆ ನಮ್ಮದೇ ಒಂದು ಪ್ಯಾಕ್ ಹೌಸ್, ಅದರೊಳಗೆ ಒಂದು ಕೋಲ್ಡ್ ರೂಮ್ ಕಟ್ಟಬೇಕು ಅಂತ ತೀರ್ಮಾನವಾಗಿತ್ತು. ಕೆಲಸ ಆಗಸ್ಟ್ 1ಕ್ಕೆ ಶುರು, ಮೇ 12ಕ್ಕೆ ಮೊದಲ ಲೋಡ್ ಮಾವು ಒಳಗೆ ಹೋಗಬೇಕು. ಅಕ್ಟೋಬರ್ ಕೊನೆಯಲ್ಲಿ ಕೋಲಾರದಲ್ಲಿ ನಿರ್ದೇಶಕರ ಸಭೆ. ಬ್ಯಾಂಕಿನವರೂ ಬರುವವರಿದ್ದರು. "ಪೂರ್ತಿ ಪ್ರಾಜೆಕ್ಟ್ ಒಂದೇ ಸ್ಲೈಡಲ್ಲಿ ತೋರಿಸಮ್ಮಾ, ಹತ್ತು ನಿಮಿಷ ಅಷ್ಟೇ" ಅಂತ ಅಧ್ಯಕ್ಷರು ಹೇಳಿದ್ದರು.

ನಮ್ಮ ಎಂಜಿನಿಯರ್ ಪ್ರಾಜೆಕ್ಟ್ ಸಾಫ್ಟ್‌ವೇರಲ್ಲಿ ಮಾಡಿದ ಗ್ಯಾಂಟ್ ಚಾರ್ಟ್ ಕಳಿಸಿದರು. ಒಂದೊಂದು ಕೆಲಸಕ್ಕೆ ಒಂದು ಸಾಲು, ಆ ಸಾಲಲ್ಲಿ ಕೆಲಸ ನಡೆಯುವ ಕಾಲದಷ್ಟು ಉದ್ದದ ಅಡ್ಡ ಪಟ್ಟಿ. ಅರವತ್ತೆಂಟು ಸಾಲು. ಅವರ ಕೆಲಸಕ್ಕೆ ಅದು ಸರಿಯಾದ ಚಾರ್ಟೇ. ಯಾವ ದಿನ ಯಾವ ಮೇಸ್ತ್ರಿ ಬರಬೇಕು ಅಂತ ಅದರಲ್ಲಿ ಇದೆ. ಆದರೆ ಅದನ್ನೇ ಸ್ಲೈಡಿಗೆ ಅಂಟಿಸಿದರೆ ಒಂದೊಂದು ಸಾಲಿಗೆ ಎರಡು ಮಿಲಿಮೀಟರ್ ಸಿಗುತ್ತೆ. ಅಷ್ಟರಲ್ಲಿ ಅಕ್ಷರ ಓದೋದಕ್ಕೆ ಆಗಲ್ಲ.

ಹಾಗಾಗಿ ಮೊದಲು ಜಾಗ ಅಳೆದೆ. ಪವರ್‌ಪಾಯಿಂಟಿನ ಅಗಲದ ಸ್ಲೈಡ್ 33.87 ಸೆಂಟಿಮೀಟರ್ ಅಗಲ, 19.05 ಎತ್ತರ. ಎಡಗಡೆ ಅಂಚು ಮತ್ತು ಹೆಸರುಗಳಿಗೆ 8.5 ಬಿಟ್ಟು, ಬಲಗಡೆ ಸ್ವಲ್ಪ ಅಂಚು ಬಿಟ್ಟರೆ ಕಾಲಕ್ಕೆ ಉಳಿಯೋದು 24 ಸೆಂಟಿಮೀಟರ್. ಆಗಸ್ಟ್ 1ರಿಂದ ಮೇ 31ರವರೆಗೆ 304 ದಿನ. ಅಂದರೆ ಒಂದು ದಿನಕ್ಕೆ 0.8 ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ. ನಾಲ್ಕು ದಿನದ ಕೆಲಸ ಮೂರು ಮಿಲಿಮೀಟರ್ ಪಟ್ಟಿ ಆಗುತ್ತೆ, ಅದರ ಮೇಲೆ ಒಂದು ಅಕ್ಷರವೂ ಹಿಡಿಸಲ್ಲ. ಎತ್ತರದಲ್ಲಿ ತಲೆಬರಹ, ತಿಂಗಳ ಸಾಲು, ಕೆಳಗಿನ ಅಂಚು ಕಳೆದರೆ ಉಳಿಯೋದು ಹತ್ತಿರ ಹತ್ತಿರ 14 ಸೆಂಟಿಮೀಟರ್. ಆರು ಸಾಲು ಮಾಡಿದರೆ ಒಂದೊಂದಕ್ಕೆ ಎರಡು ಕಾಲು ಸೆಂಟಿಮೀಟರ್ ಚಿಲ್ಲರೆ. 16 ಪಾಯಿಂಟಿನ ಅಕ್ಷರ ಆರಾಮಾಗಿ ಕೂರುತ್ತೆ.

ಕನ್ನಡದಲ್ಲಿ ಬರೆಯುವವರಿಗೆ ಈ ಎತ್ತರ ಇನ್ನೂ ಮುಖ್ಯ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಣಿತ. ಇಂಗ್ಲಿಷಿಗೆ ಸಾಕಾಗುವ ಪಟ್ಟಿಯಲ್ಲಿ 'ವಿದ್ಯುತ್' ಅಂತ ಬರೆದರೆ ಯ-ಒತ್ತು ಪಟ್ಟಿಯಿಂದ ಆಚೆ ಜಾರಿಬಿಡುತ್ತೆ. ಅದಕ್ಕೇ ಪಟ್ಟಿಯ ಎತ್ತರ 0.9 ಸೆಂಟಿಮೀಟರ್ ಇಟ್ಟು, ಪಟ್ಟಿ ಉದ್ದವಿದ್ದ ಕಡೆ ಹೆಸರನ್ನು ಒಳಗೆ, ಚಿಕ್ಕದಿದ್ದ ಕಡೆ ಮೇಲೆ ಬರೆದೆ. 'ಕರೆಂಟ್' ಅನ್ನೋ ಪದ ಚಿಕ್ಕದು, ಎಲ್ಲರ ಬಾಯಲ್ಲಿ ಇರೋದೂ ಅದೇ. ಅದನ್ನೇ ಇಟ್ಟುಕೊಂಡೆ.

ಈಗ ಅರವತ್ತೆಂಟನ್ನು ಆರು ಮಾಡೋದು ಹೇಗೆ? ಸುಲಭದ ದಾರಿ ಒಂದಿದೆ. ಸಾಫ್ಟ್‌ವೇರಲ್ಲಿ ಒಳಗಿನ ಸಾಲುಗಳನ್ನೆಲ್ಲ ಮಡಚಿದರೆ ಮೇಲಿನ ದೊಡ್ಡ ಪಟ್ಟಿಗಳು ಮಾತ್ರ ಉಳಿಯುತ್ತವೆ. ನೋಡೋಕೆ ಚೆನ್ನಾಗಿರುತ್ತೆ. ಆದರೆ ಅದು ವಿಷಯವನ್ನು ಮುಚ್ಚಿಡುತ್ತೆ. ನಮ್ಮ ಕರೆಂಟ್ ಕೆಲಸವನ್ನೇ ನೋಡಿ. ಮಡಚಿದಾಗ ಅದು ಸೆಪ್ಟೆಂಬರಿಂದ ಏಪ್ರಿಲ್‌ವರೆಗೆ ಒಂದೇ ಉದ್ದದ ಪಟ್ಟಿ. ಏಳು ತಿಂಗಳು ಯಾರೋ ಕೆಲಸ ಮಾಡ್ತಾನೇ ಇದ್ದಾರೆ ಅನ್ಸುತ್ತೆ. ನಿಜಕ್ಕೂ ನಡೆಯೋದು ಬೇರೆ. ನಾವು ಅರ್ಜಿ, ನಕ್ಷೆ ಕೊಡೋದು ಸೆಪ್ಟೆಂಬರಲ್ಲಿ. ಆಮೇಲೆ ಮಂಜೂರಾತಿಗೆ ಕಾಯೋದು. ಜನವರಿ 10ಕ್ಕೆ ಡೆಪಾಸಿಟ್ ಕಟ್ಟೋದು. ಅದಾದ ಮೇಲೆ ಲೈನ್ ಎಳೆದು, ಟ್ರಾನ್ಸ್‌ಫಾರ್ಮರ್ ಕೂರಿಸಿ, ಏಪ್ರಿಲ್ 10ಕ್ಕೆ ಕರೆಂಟ್.

ಇದರಲ್ಲಿ ನಮ್ಮ ಕೈಯಲ್ಲಿರೋದು ಎಷ್ಟು, ಬೇರೆಯವರಿಗಾಗಿ ಕಾಯೋದು ಎಷ್ಟು ಅನ್ನೋದೇ ನಿರ್ದೇಶಕರಿಗೆ ಬೇಕಾದ ಸಂಗತಿ. ಅದಕ್ಕೆ ಒಂದು ನಿಯಮ ಮಾಡಿಕೊಂಡೆ. ನಾವು ಮಾಡುವ ಕೆಲಸಕ್ಕೆ ತುಂಬಿದ ಪಟ್ಟಿ. ಕಾಯುವ ಕಾಲಕ್ಕೆ ಗೆರೆ ಮಾತ್ರ ಇರುವ ಖಾಲಿ ಪಟ್ಟಿ. ಒಂದೇ ದಿನದಲ್ಲಿ ಮುಗಿಯೋದಕ್ಕೆ, ಅಂದರೆ ಹಣ ಕಟ್ಟೋದು, ಆರ್ಡರ್ ಕೊಡೋದು ಇಂಥದಕ್ಕೆ, ಒಂದು ವಜ್ರದ ಗುರುತು ಮತ್ತು ಪಕ್ಕದಲ್ಲಿ ತಾರೀಕು. ಒಂದೇ ಸಾಲಲ್ಲಿ ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಹತ್ತು ಸಾಲಿನ ವಿಷಯ ಹೀಗೆ ಒಂದು ಸಾಲಲ್ಲಿ ಹಿಡಿಸಿತು, ಏನೂ ಮುಚ್ಚಿಹೋಗಲಿಲ್ಲ. ಕೋಲ್ಡ್ ರೂಮಿನ ನೆಲಕ್ಕೆ ಕಾಂಕ್ರೀಟ್ ಹಾಕಿದ ಮೇಲಿನ 28 ದಿನವನ್ನೂ ಖಾಲಿ ಪಟ್ಟಿಯಲ್ಲೇ ತೋರಿಸಿದೆ. ಆಗ ಅಲ್ಲಿ ಮೇಸ್ತ್ರಿ ಕಾಣಿಸಲಿಲ್ಲ ಅಂತ ಯಾರೂ ಗಾಬರಿಯಾಗಬೇಕಿಲ್ಲ, ಅದು ಗಟ್ಟಿಯಾಗೋ ಕಾಲ.

ಬಣ್ಣದಲ್ಲಿ ಬೇರೆ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ನಮ್ಮ ಸಭೆಗಳಲ್ಲಿ ಸ್ಲೈಡ್ ಗೋಡೆ ಮೇಲೆ ಬರುತ್ತೆ, ಅದರ ಜೆರಾಕ್ಸ್ ಎಲ್ಲರ ಕೈಗೂ ಹೋಗುತ್ತೆ. ಜೆರಾಕ್ಸಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿ. ತುಂಬಿದ್ದು ಖಾಲಿ ಇದ್ದದ್ದು ಮಾತ್ರ ಜೆರಾಕ್ಸಲ್ಲೂ ಉಳಿಯುತ್ತೆ. ಬಣ್ಣವನ್ನು ಒಂದೇ ಕಡೆ ಬಳಸಿದೆ. ಒಂದು ದಿನ ತಡವಾದರೂ ಮುಂದಿನದ್ದೆಲ್ಲ ತಡವಾಗುವ ಕೆಲಸಗಳಿಗೆ ಮಾತ್ರ ಕೆಂಪು ಅಂಚು.

ಪಟ್ಟಿಗಳನ್ನು ಕಣ್ಣಳತೆಯಲ್ಲಿ ಎಳೆಯಬಾರದು. ನಾನು ತಾರೀಕುಗಳನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಂಡೆ. B1ರಲ್ಲಿ ಆಗಸ್ಟ್ 1. ಅದರ ಕೆಳಗೆ ಒಂದೊಂದು ಕೆಲಸದ ಶುರುವಿನ ದಿನ Bಯಲ್ಲಿ, ಮುಗಿಯುವ ದಿನ Cಯಲ್ಲಿ. ಮೊದಲ ಸೂತ್ರ ಪಟ್ಟಿ ಎಡದಿಂದ ಎಲ್ಲಿ ಶುರುವಾಗಬೇಕು ಅಂತ ಹೇಳುತ್ತೆ, ಎರಡನೆಯದು ಅದರ ಅಗಲ. ಎರಡೂ ಸೆಂಟಿಮೀಟರಲ್ಲಿ:

```
=8.5+(B2-$B$1)*24/304
=(C2-B2+1)*24/304
```

ಈ ಅಂಕಿಗಳನ್ನು ಪವರ್‌ಪಾಯಿಂಟಲ್ಲಿ ಆ ಪಟ್ಟಿಯ Size and Position ತೆರೆದು ತುಂಬಿದರೆ ಆಯ್ತು. ತಿಂಗಳ ಗೆರೆಗಳನ್ನೂ ಇದೇ ಸೂತ್ರದಿಂದಲೇ ಹಾಕಿ. ಜಾಸ್ತಿ ಜನ ಹತ್ತು ಸಮನಾದ ಡಬ್ಬ ಮಾಡಿ ತಿಂಗಳ ಹೆಸರು ಬರೆದುಬಿಡುತ್ತಾರೆ. ಫೆಬ್ರವರಿಗೆ 28 ದಿನ, ಮಾರ್ಚಿಗೆ 31. ಡಬ್ಬ ಸಮ ಮಾಡಿದರೆ ಪಟ್ಟಿಗಳು ಗೆರೆಯಿಂದ ಸ್ವಲ್ಪ ಸ್ವಲ್ಪ ಸರಿಯುತ್ತವೆ. ತಿಂಗಳ ಕೊನೆಗೆ ಮುಗಿಯುವ ಕೆಲಸ ಮುಂದಿನ ತಿಂಗಳಿಗೆ ದಾಟಿದ ಹಾಗೆ ಕಾಣುತ್ತೆ. ಬ್ಯಾಂಕಿನವರ ಕಣ್ಣು ಮೊದಲು ಬೀಳೋದು ಅಲ್ಲೇ.

ಬಾಣದ ಗುರುತುಗಳನ್ನು ಹೆಚ್ಚುಕಮ್ಮಿ ಎಲ್ಲ ತೆಗೆದೆ. ಎಂಜಿನಿಯರ್ ಚಾರ್ಟಲ್ಲಿ ಎಲ್ಲದರಿಂದ ಎಲ್ಲದಕ್ಕೂ ಬಾಣ ಇತ್ತು. ಅದರ ಬದಲು ಸಾಲುಗಳ ಕ್ರಮ ಬದಲಾಯಿಸಿದೆ. ಅವರದು ಗುತ್ತಿಗೆದಾರರ ಪ್ರಕಾರ ಜೋಡಿಸಿದ ಕ್ರಮ. ನಾನು ಯಾವುದಕ್ಕೆ ಯಾವುದು ಬೇಕೋ ಅದನ್ನು ಅದರ ಪಕ್ಕದಲ್ಲೇ ಇಟ್ಟೆ. ಕಟ್ಟಡ, ಯಂತ್ರ, ಹಣ, ಕರೆಂಟ್, ಟ್ರಯಲ್, ಕೊನೆಗೆ ಮಾವು.

ಹಾಗೆ ಇಟ್ಟ ತಕ್ಷಣ ಒಂದು ವಿಷಯ ಎದ್ದು ಕಂಡಿತು. ಹಣದ ಸಾಲಲ್ಲಿ ಬ್ಯಾಂಕಿನ ಎರಡನೇ ಕಂತು ಬರೋದು ಜನವರಿ 31ಕ್ಕೆ. ಅದರ ಕೆಳಗೇ ಕರೆಂಟ್ ಸಾಲಲ್ಲಿ ಡೆಪಾಸಿಟ್ ಕಟ್ಟಬೇಕಾದ್ದು ಜನವರಿ 10ಕ್ಕೆ. ಆ ಡೆಪಾಸಿಟ್ಟಿಗೆ ಹಣ ಬರಬೇಕಾದ್ದು ಅದೇ ಕಂತಿನಿಂದ. ಎರಡು ವಜ್ರದ ಗುರುತುಗಳ ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ಅಂತರ, ಅದೂ ಹಣದ ಗುರುತು ಬಲಗಡೆ. ದೊಡ್ಡ ಚಾರ್ಟಲ್ಲಿ ಇವೆರಡೂ ಬೇರೆ ಬೇರೆ ಪುಟದಲ್ಲಿದ್ದವು. ಎರಡರ ನಡುವೆ ಬಾಣವೂ ಇರಲಿಲ್ಲ. ಕಂತು ಲೆಕ್ಕದವರ ವಿಷಯ, ಡೆಪಾಸಿಟ್ ಎಲೆಕ್ಟ್ರಿಕಲ್ ಗುತ್ತಿಗೆದಾರರ ವಿಷಯ.

ಲೆಕ್ಕ ಹಾಕಿ ನೋಡಿದೆ. ಎಲ್ಲ ಸರಿಯಾಗಿ ನಡೆದರೆ ಏಪ್ರಿಲ್ 10ಕ್ಕೆ ಕರೆಂಟ್, 11ರಿಂದ 25ರವರೆಗೆ ಟ್ರಯಲ್. ಮೇ 12ಕ್ಕೆ ಮಾವು. ನಡುವೆ 16 ದಿನ ಬಿಡುವು ಇದೆ. ಡೆಪಾಸಿಟ್ 21 ದಿನ ತಡವಾದರೆ ಕರೆಂಟ್ ಮೇ 1ಕ್ಕೆ, ಟ್ರಯಲ್ ಮುಗಿಯೋದು ಮೇ 16ಕ್ಕೆ. ಅಷ್ಟರಲ್ಲಿ ಮರದಿಂದ ಹಣ್ಣು ಇಳಿದಿರುತ್ತೆ. ಮರ ನಮಗಾಗಿ ಕಾಯಲ್ಲ.

ಆ 16 ದಿನದ ಬಿಡುವನ್ನೂ ಸ್ಲೈಡಲ್ಲಿ ತೋರಿಸಿದೆ. ಟ್ರಯಲ್ ಪಟ್ಟಿಯ ಮುಂದೆ ಚುಕ್ಕಿ ಗೆರೆ, ಅದರ ಮೇಲೆ '16 ದಿನ ಬಿಡುವು'. ಸಾಮಾನ್ಯವಾಗಿ ಈ ಬಿಡುವನ್ನು ಯಾರೂ ಬರೆಯಲ್ಲ, ಖಾಲಿ ಜಾಗ ಅಂತ ಬಿಟ್ಟುಬಿಡುತ್ತಾರೆ. ಆದರೆ ತಡವನ್ನು ತಡೆದುಕೊಳ್ಳೋದಕ್ಕೆ ನಮ್ಮ ಹತ್ತಿರ ಇರೋದು ಅದೊಂದೇ. ತಲೆಬರಹದಲ್ಲಿ 'ಯೋಜನೆಯ ವೇಳಾಪಟ್ಟಿ' ಅನ್ನೋದನ್ನು ತೆಗೆದು, 'ಜನವರಿ 10ಕ್ಕೆ ಡೆಪಾಸಿಟ್ ಕಟ್ಟಿದರೆ ಮೇ 12ಕ್ಕೆ ಮಾವು ಒಳಗೆ' ಅಂತ ಬರೆದೆ.

ಕಳಿಸುವ ಮುಂಚೆ ಫೈಲನ್ನು ಪಿಡಿಎಫ್ ಮಾಡಿಕೊಂಡೆ. ನಮ್ಮ ಕಡೆ ಇನ್ನೂ ಎಷ್ಟೋ ಕಂಪ್ಯೂಟರಲ್ಲಿ ಹಳೇ ನುಡಿ ಅಕ್ಷರಗಳಲ್ಲೇ ಟೈಪ್ ಮಾಡ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡಲ್ಲಿ ಟೈಪ್ ಮಾಡಿ, ಪಿಡಿಎಫ್ ಜೊತೆಗಿಟ್ಟುಕೊಂಡರೆ ಆ ತಲೆನೋವಿಲ್ಲ. ಆಮೇಲೆ ಪರದೆಯಲ್ಲಿ ಸ್ಲೈಡನ್ನು ಅರ್ಧಕ್ಕೆ ಇಳಿಸಿ ಒಮ್ಮೆ ಓದಿದೆ. ಅಷ್ಟರಲ್ಲಿ ಓದೋಕಾಗದ ಎರಡು ಹೆಸರುಗಳನ್ನು ತೆಗೆದೇ ಹಾಕಿದೆ.

ಸಭೆಯಲ್ಲಿ ಸ್ಲೈಡ್ ಬಂದಾಗ ನಾನು ಮೊದಲು 'ಇವತ್ತು' ಅನ್ನೋ ನೆಟ್ಟಗಿನ ಗೆರೆ ತೋರಿಸಿ, ಅದರ ಎಡಗಡೆ ಇರೋದೆಲ್ಲ ಮುಗಿದಿದೆಯಾ ಅಂತ ಒಂದೊಂದೇ ಸಾಲು ಹೇಳಿದೆ. ಫೌಂಡೇಶನ್ ಮಳೆಯಿಂದ ಸ್ವಲ್ಪ ತಡವಾಗಿತ್ತು, ಅದಕ್ಕೆ ಬಿಡುವಿತ್ತು. ಅಷ್ಟರಲ್ಲಿ ಮುಂದಿನ ಸಾಲಲ್ಲಿ ಕೂತಿದ್ದ ಹಿರಿಯ ನಿರ್ದೇಶಕರೊಬ್ಬರು ಜೆರಾಕ್ಸ್ ಮೇಲೆ ಬೆರಳಿಟ್ಟು ಕೇಳಿದರು. "ಏನಮ್ಮಾ, ದುಡ್ಡು ಬರೋದು ಈ ಕಡೆ ಐತೆ, ಕಟ್ಟೋದು ಆ ಕಡೆ ಐತೆ. ಇದು ಹೆಂಗಮ್ಮಾ ಆಗುತ್ತೆ?"

"ಅದೇ ಸರ್, ಅದಕ್ಕೇ ಇವತ್ತು ತೀರ್ಮಾನ ಬೇಕು" ಅಂದೆ.

ಬ್ಯಾಂಕಿನವರು ಕಂತು ಮುಂಚೆ ಕೊಡೋಕಾಗಲ್ಲ, ಶೆಡ್ ಮುಗಿದ ಮೇಲೇ ಅಂತ ಹೇಳಿದರು. ಷೇರು ಹಣದಿಂದ ಮುಂಗಡವಾಗಿ ಡೆಪಾಸಿಟ್ ಕಟ್ಟಿ, ಕಂತು ಬಂದಾಗ ವಾಪಸ್ ತುಂಬೋದು ಅಂತ ನಿರ್ದೇಶಕರು ಅಲ್ಲೇ ಒಪ್ಪಿ ನಿರ್ಣಯ ಬರೆಸಿದರು.

ಆಮೇಲಿಂದ ತಿಂಗಳಿಗೊಮ್ಮೆ ಇದೇ ಸ್ಲೈಡ್ ತೋರಿಸ್ತೀನಿ. ಹೊಸದಾಗಿ ಬರೆಯಲ್ಲ. 'ಇವತ್ತು' ಗೆರೆ ಮುಂದಕ್ಕೆ ಹೋಗುತ್ತೆ. ಯಾವ ಪಟ್ಟಿ ಸರಿದಿದೆಯೋ ಅದರ ಅಕ್ಟೋಬರಿನ ಜಾಗದಲ್ಲಿ ಒಂದು ತೆಳು ಬೂದಿ ಗೆರೆ ಉಳಿಸ್ತೀನಿ, ಎಷ್ಟು ಸರಿದಿದೆ ಅಂತ ಗೊತ್ತಾಗಲಿ ಅಂತ. ಬಿಡುವಿನ ಅಂಕಿಯನ್ನೂ ತಿದ್ದುತ್ತೀನಿ. ಈಗ ಸಭೆ ಶುರುವಾದ ತಕ್ಷಣ ನಿರ್ದೇಶಕರು ಮೊದಲು ನೋಡೋದೇ ಆ ಅಂಕಿಯನ್ನು. ಹೋದ ಸಲ ಅದು 13 ಆಗಿತ್ತು. ಮೂರು ದಿನ ಎಲ್ಲಿ ಹೋಯ್ತು ಅಂತ ಯಂತ್ರದವರಿಗೆ ಸಭೆಯಿಂದಲೇ ಫೋನ್ ಹೋಯಿತು.